ಹಿಂಬಾಕಿ ವೇತನ ಕೇಳುವ ಪತ್ರ: ಮೊದಲು ಲೆಕ್ಕ, ಆಮೇಲೆ ಮಾತು

ವೇತನ ಪರಿಷ್ಕರಣೆಯ ಆದೇಶ ಮೂರು ವರ್ಷ ತಡವಾಗಿ ಬರುತ್ತದೆ. ಮುಂದಿನ ತಿಂಗಳಿನಿಂದ ಹೊಸ ಸಂಬಳವೂ ಶುರುವಾಗುತ್ತದೆ. ಆದರೆ ಹಿಂದಿನ ತಿಂಗಳುಗಳ ವ್ಯತ್ಯಾಸದ ಹಣ ಬರುವುದಿಲ್ಲ. ಮೊದಲ ಆರು ತಿಂಗಳು ಎಲ್ಲರೂ ಕಾಯುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ, ವರ್ಷ ಕಳೆದ ಮೇಲೆ ಯಾರೋ ಒಬ್ಬರು ಪತ್ರ ಬರೆಯಲು ಕೂರುತ್ತಾರೆ. ಆ ಹೊತ್ತಿಗೆ ಸಿಟ್ಟು ಮಾಗಿರುತ್ತದೆ, ಪತ್ರವೂ ಆ ಸಿಟ್ಟಿನ ಕಡೆಗೇ ವಾಲುತ್ತದೆ.

ಹಲವು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕೂತು ಇಂಥ ಪತ್ರಗಳನ್ನು ಓದಿದವಳು ನಾನು. ಒಂದು ಪತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಪುಟ, ಮುದ್ದಾದ ಕೈಬರಹ. ಮೊದಲ ಪುಟದಲ್ಲಿ ಸೇವೆಗೆ ಸೇರಿದ ದಿನದಿಂದ ಮಾಡಿದ ಕೆಲಸದ ವಿವರ, ಎರಡನೆಯದರಲ್ಲಿ ಮನೆಯ ಕಷ್ಟ, ಮೂರನೆಯದರಲ್ಲಿ ಆಡಳಿತದ ಮೇಲೆ ಆಕ್ಷೇಪ. ಎಷ್ಟು ಹಣ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ನಾನು ಪೆನ್ಸಿಲ್ ಹಿಡಿದು ಹುಡುಕಿದೆ. ನಾಲ್ಕನೆಯ ಪುಟದ ಕೊನೆಯಲ್ಲಿ "ನನಗೆ ಬರಬೇಕಾದ ಲಕ್ಷಾಂತರ ಮೊತ್ತ" ಎಂದಷ್ಟೇ ಇತ್ತು. ಬರೆದವರ ನೋವು ನಿಜ, ಹಕ್ಕೂ ನಿಜ. ಆದರೆ ಆ ನಾಲ್ಕು ಪುಟದಿಂದ ಕಡತಕ್ಕೆ ಎತ್ತಿಕೊಳ್ಳಬಹುದಾದ ಒಂದು ವಾಕ್ಯವೂ ಸಿಗಲಿಲ್ಲ.

ಇಡೀ ವಿಷಯದ ಕೀಲಿ ಅಲ್ಲಿದೆ. ನೀವು ಪತ್ರವನ್ನು ಮುಖ್ಯಸ್ಥರ ಹೆಸರಿಗೆ ಬರೆದರೂ ಅದನ್ನು ನಿಜವಾಗಿ ಓದುವವರು ಟಿಪ್ಪಣಿ ಬರೆಯುವ ಗುಮಾಸ್ತರು. ಪತ್ರ ಟಪಾಲಿಗೆ ಬಂದು, ಮುದ್ರೆ ಬಿದ್ದು, ಅವರ ಮೇಜಿಗೆ ಹೋಗುತ್ತದೆ. ಅವರು ನಾಲ್ಕು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ: ಯಾವ ಆದೇಶ, ಯಾವ ಅವಧಿ, ಎಷ್ಟು ಮೊತ್ತ, ಈವರೆಗೆ ಎಷ್ಟು ಕೊಟ್ಟಿದೆ. ಇವು ನಾಲ್ಕೂ ಮೊದಲ ಪುಟದಲ್ಲಿ ಸಿಕ್ಕರೆ ಟಿಪ್ಪಣಿ ಅವತ್ತೇ ಮೇಲೆ ಹೋಗಬಹುದು. ಸಿಗದಿದ್ದರೆ "ಪರಿಶೀಲಿಸಿ ಮಂಡಿಸಿ" ಎಂಬ ಷರಾದೊಂದಿಗೆ ಕಡತ ಅಲ್ಲೇ ಸುತ್ತುತ್ತದೆ.

ಮೊದಲ ಹೆಜ್ಜೆ: ಆದೇಶದಲ್ಲಿ ಎರಡು ದಿನಾಂಕ ಹುಡುಕಿ

ಪೆನ್ನು ಹಿಡಿಯುವ ಮೊದಲು ಪರಿಷ್ಕರಣೆಯ ಆದೇಶವನ್ನು ಪೂರ್ತಿ ಓದಿ. ಸುತ್ತೋಲೆಯ ಸಾರಾಂಶವನ್ನೋ ಸಹೋದ್ಯೋಗಿ ಹೇಳಿದ್ದನ್ನೋ ನಂಬಿಕೊಂಡು ಹೊರಡಬೇಡಿ. ಇಂಥ ಆದೇಶದಲ್ಲಿ ಎರಡು ಬೇರೆ ಬೇರೆ ದಿನಾಂಕಗಳು ಇರಬಹುದು. ಹೊಸ ವೇತನ ಶ್ರೇಣಿ ಯಾವತ್ತಿನಿಂದ ಜಾರಿ ಎಂಬುದು ಒಂದು. ಅದರ ಆರ್ಥಿಕ ಲಾಭ ಯಾವತ್ತಿನಿಂದ ಎಂಬುದು ಇನ್ನೊಂದು. ಎರಡೂ ಒಂದೇ ಆಗಿದ್ದರೆ ಆ ದಿನದಿಂದ ಹೊಸ ಸಂಬಳ ಕೈಗೆ ಬರುವವರೆಗಿನ ಪೂರ್ತಿ ವ್ಯತ್ಯಾಸ ನಿಮಗೆ ಬರಬೇಕಾದ ಹಣ. ಆದರೆ "ಇಂತಿಷ್ಟು ದಿನಾಂಕದವರೆಗೆ ವೇತನವನ್ನು ಕಾಲ್ಪನಿಕವಾಗಿ ನಿಗದಿಪಡಿಸತಕ್ಕದ್ದು" ಎಂದಿದ್ದರೆ, ಅಷ್ಟು ದಿನ ಹೊಸ ವೇತನ ಕಾಗದದ ಮೇಲೆ ಮಾತ್ರ ಏರಿರುತ್ತದೆ, ಆ ಅವಧಿಗೆ ಹಣ ಸಿಗುವುದಿಲ್ಲ.

ಈ ಒಂದು ಸಾಲು ಕಣ್ಣು ತಪ್ಪಿದ್ದರಿಂದ ಎಷ್ಟೋ ಪತ್ರಗಳು ತಿರಸ್ಕೃತವಾದದ್ದನ್ನು ನೋಡಿದ್ದೇನೆ. ಕಾಲ್ಪನಿಕ ಅವಧಿಯನ್ನೂ ಸೇರಿಸಿ ಮೊತ್ತ ಕೇಳಿದರೆ "ಆದೇಶದಲ್ಲಿ ಅವಕಾಶವಿಲ್ಲ" ಎಂಬ ಹಿಂಬರಹ ಬರುತ್ತದೆ, ಅದರ ಜೊತೆಗೆ ನ್ಯಾಯವಾಗಿ ಬರಬೇಕಾದ ಅವಧಿಯ ಹಣವೂ ನಿಂತುಬಿಡುತ್ತದೆ. ಕಾಲ್ಪನಿಕ ನಿಗದಿಯೇ ತಪ್ಪು ಎಂದು ನಿಮಗನ್ನಿಸಿದರೆ ಅದು ಆದೇಶವನ್ನೇ ಪ್ರಶ್ನಿಸುವ ಬೇರೆ ಜಗಳ. ಅದಕ್ಕೆ ಬೇರೆ ಪತ್ರ ಬರೆಯಿರಿ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ.

ಇದರ ಜೊತೆಗೆ ಹಿಂಬಾಕಿಯನ್ನು ಹೇಗೆ ಕೊಡಬೇಕೆಂದು ಆದೇಶ ಹೇಳಿದೆಯೇ ನೋಡಿ. ಒಂದೇ ಬಾರಿಗೋ, ಕಂತುಗಳಲ್ಲೋ? ಕಂತು ಎಂದಿದ್ದರೆ ಯಾವ ಕಂತಿನ ಗಡುವು ಮುಗಿದಿದೆಯೋ ಅದನ್ನಷ್ಟೇ ಇವತ್ತು ಬಾಕಿ ಎನ್ನಬಹುದು.

ಎರಡನೆಯ ಹೆಜ್ಜೆ: ಲೆಕ್ಕದ ಹಾಳೆ

ಪತ್ರದ ಬಲವೆಲ್ಲ ಈ ಹಾಳೆಯಲ್ಲಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪರಿಷ್ಕರಣೆ 2021ರ ಏಪ್ರಿಲ್ 1ರಿಂದ ಜಾರಿ, ಆರ್ಥಿಕ ಲಾಭವೂ ಅಂದಿನಿಂದಲೇ. ಆದೇಶ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೊಸ ವೇತನ ಕೈಗೆ ಬಂದದ್ದು ಅಕ್ಟೋಬರ್‌ನಿಂದ. ಹಾಗಾದರೆ ಬಾಕಿ ಇರುವುದು 2021ರ ಏಪ್ರಿಲ್‌ನಿಂದ 2024ರ ಸೆಪ್ಟೆಂಬರ್‌ವರೆಗೆ, ಒಟ್ಟು 42 ತಿಂಗಳು.

ಈ ನೌಕರರ ಹಳೆಯ ಮೂಲ ವೇತನ 24,000, ಪ್ರತಿ ಏಪ್ರಿಲ್‌ನಲ್ಲಿ 600 ಇನ್‌ಕ್ರಿಮೆಂಟ್. ಹೊಸ ಶ್ರೇಣಿಯಲ್ಲಿ ನಿಗದಿಯಾದ ಮೂಲ ವೇತನ 30,000, ಇನ್‌ಕ್ರಿಮೆಂಟ್ 900. ಮೊದಲ ತಿಂಗಳ ವ್ಯತ್ಯಾಸ 6,000. ಬಹಳ ಜನ ಇಲ್ಲೇ ಎಡವುತ್ತಾರೆ. 6,000ವನ್ನು 42ರಿಂದ ಗುಣಿಸಿ 2,52,000 ಎಂದು ಬರೆದುಬಿಡುತ್ತಾರೆ. ಆದರೆ ಎರಡು ಶ್ರೇಣಿಗಳ ಇನ್‌ಕ್ರಿಮೆಂಟ್ ಒಂದೇ ಅಲ್ಲವಲ್ಲ, ವ್ಯತ್ಯಾಸ ವರ್ಷ ವರ್ಷಕ್ಕೂ ಹಿಗ್ಗುತ್ತದೆ.

| ಅವಧಿ | ಪಡೆದ ಮೂಲ ವೇತನ | ಬರಬೇಕಾದ ಮೂಲ ವೇತನ | ತಿಂಗಳ ವ್ಯತ್ಯಾಸ | ತಿಂಗಳು | ಮೊತ್ತ |
|---|---|---|---|---|---|
| ಏಪ್ರಿಲ್ 2021 – ಮಾರ್ಚ್ 2022 | 24,000 | 30,000 | 6,000 | 12 | 72,000 |
| ಏಪ್ರಿಲ್ 2022 – ಮಾರ್ಚ್ 2023 | 24,600 | 30,900 | 6,300 | 12 | 75,600 |
| ಏಪ್ರಿಲ್ 2023 – ಮಾರ್ಚ್ 2024 | 25,200 | 31,800 | 6,600 | 12 | 79,200 |
| ಏಪ್ರಿಲ್ 2024 – ಸೆಪ್ಟೆಂಬರ್ 2024 | 25,800 | 32,700 | 6,900 | 6 | 41,400 |

ಒಟ್ಟು 2,68,200. ಮೊದಲ ತಿಂಗಳ ವ್ಯತ್ಯಾಸವನ್ನೇ ಹಿಡಿದವರು ತಮ್ಮ ಕೈಯಾರೆ 16,200 ಬಿಟ್ಟುಕೊಟ್ಟಂತಾಯಿತು. ಕೊನೆಯ ತಿಂಗಳ ವ್ಯತ್ಯಾಸವಾದ 6,900ನ್ನು ಎಲ್ಲ ತಿಂಗಳಿಗೂ ಹಾಕುವವರೂ ಇದ್ದಾರೆ. ಅವರ ಲೆಕ್ಕ 2,89,800 ಆಗಿ, 21,600 ಹೆಚ್ಚು ಕೇಳಿದಂತಾಗುತ್ತದೆ. ಹೆಚ್ಚು ಕೇಳಿದರೆ ಏನು ಮಹಾ, ಕಡಿಮೆ ಮಾಡಿ ಕೊಡಲಿ ಎಂದುಕೊಳ್ಳಬೇಡಿ. "ಲೆಕ್ಕ ತಪ್ಪಾಗಿದೆ, ಸರಿಪಡಿಸಿ ಸಲ್ಲಿಸಿ" ಎಂದು ಪತ್ರ ವಾಪಸ್ ಬರಲು ಅಷ್ಟು ಸಾಕು.

ಇದಾದ ಮೇಲೆ ಮೂಲ ವೇತನಕ್ಕೆ ತಳಕು ಹಾಕಿಕೊಂಡಿರುವ ಭತ್ಯೆಗಳು. ನಮ್ಮ ಉದಾಹರಣೆಯಲ್ಲಿ ಮೂಲ ವೇತನದ ಶೇಕಡಾ 10ರಷ್ಟು ಒಂದು ಭತ್ಯೆ ಇದೆ ಎಂದುಕೊಳ್ಳಿ. ವ್ಯತ್ಯಾಸದ ಮೇಲೆ ಅದು 26,820. ಸೇರಿಸಿದರೆ 2,95,020. ಆದರೆ ಭತ್ಯೆಯ ಹೊಸ ದರ ಎಂದಿನಿಂದ ಜಾರಿ ಎಂಬುದನ್ನೂ ಆದೇಶದಲ್ಲೇ ನೋಡಬೇಕು. ಮೂಲ ವೇತನಕ್ಕೆ ಹಿಂದಿನ ದಿನಾಂಕ ಕೊಟ್ಟು, ಭತ್ಯೆಗೆ ಮಾತ್ರ ಆದೇಶದ ದಿನಾಂಕ ಕೊಡುವುದೂ ಉಂಟು.

ಕೊನೆಗೆ, ಈಗಾಗಲೇ ಪಡೆದದ್ದನ್ನು ಕಳೆಯಿರಿ. ಪರಿಷ್ಕರಣೆ ತಡವಾದಾಗ ಮಧ್ಯಂತರ ಪರಿಹಾರವೆಂದು ಏನಾದರೂ ಕೊಟ್ಟಿದ್ದರೆ, ಅದನ್ನು ಹಿಂಬಾಕಿಯಲ್ಲಿ ಹೊಂದಿಸಿಕೊಳ್ಳುವುದು ವಾಡಿಕೆ. ಇವರಿಗೆ 2023ರ ಏಪ್ರಿಲ್‌ನಿಂದ 18 ತಿಂಗಳು, ತಿಂಗಳಿಗೆ 2,000ದಂತೆ 36,000 ಸಿಕ್ಕಿದೆ. ಕಳೆದರೆ ಉಳಿಯುವುದು 2,59,020. ಪತ್ರದಲ್ಲಿ ಕೇಳಬೇಕಾದ ಮೊತ್ತ ಇದು. ನಿಮಗೆ ಬಂದದ್ದನ್ನು ನೀವೇ ಕಳೆದು ತೋರಿಸಿದಾಗ ಲೆಕ್ಕ ನೋಡುವವರಿಗೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹುಟ್ಟುತ್ತದೆ. ಇದನ್ನು ನಾನು ಮೇಜಿನ ಆ ಬದಿಯಲ್ಲಿ ಕೂತು ಕಂಡವಳಾಗಿ ಹೇಳುತ್ತಿದ್ದೇನೆ.

ಈ ಮೊತ್ತ ತೆರಿಗೆ, ನಿಧಿ ಇತ್ಯಾದಿ ಕಡಿತಗಳಿಗೆ ಮುಂಚಿನದು ಎಂದು ಹಾಳೆಯ ಕೆಳಗೆ ಬರೆಯಿರಿ. ವೇತನರಹಿತ ರಜೆಯ ತಿಂಗಳುಗಳಿದ್ದರೆ ಅವನ್ನು ಬಿಟ್ಟು ಲೆಕ್ಕ ಹಾಕಿ.

ಮೂರನೆಯ ಹೆಜ್ಜೆ: ಧಾಟಿ

ಇಂಥ ಪತ್ರಗಳು ಎರಡು ಕಡೆಗೆ ಜಾರುತ್ತವೆ. ಒಂದು, ಬೇಡುವ ಧಾಟಿ: "ಬಡ ನೌಕರನಾದ ನನ್ನ ಮೇಲೆ ಕೃಪೆ ತೋರಿ ಹಿಂಬಾಕಿಯನ್ನು ಮಂಜೂರು ಮಾಡಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ." ಇದರಲ್ಲಿ ಸ್ವಾಭಿಮಾನದ ಮಾತು ಹಾಗಿರಲಿ, "ಮಂಜೂರು" ಎಂಬ ಪದವೇ ತೊಂದರೆ. ಪರಿಷ್ಕರಣೆ ಮಂಜೂರಾಗಿಯೇ ಆದೇಶ ಬಂದಿರುತ್ತದೆ. ನೀವು ಮತ್ತೆ ಮಂಜೂರಾತಿ ಕೇಳಿದರೆ ಹೊಸದಾಗಿ ಒಂದು ಸವಲತ್ತು ಕೇಳಿದಂತೆ ಓದಿಸಿಕೊಳ್ಳುತ್ತದೆ. ಅಂಥ ಪತ್ರವನ್ನು ಹೊಸ ಮಂಜೂರಾತಿಯ ಕಡತಕ್ಕೆ ಸೇರಿಸಿ ತಿಂಗಳುಗಟ್ಟಲೆ ಇಟ್ಟದ್ದನ್ನು ಕಂಡಿದ್ದೇನೆ. ನಿಮಗೆ ಬೇಕಾದದ್ದು ಪಾವತಿ. ಆ ಪದವನ್ನೇ ಬಳಸಿ.

ಇನ್ನೊಂದು, ಬೈಯುವ ಧಾಟಿ: "ಮಲತಾಯಿ ಧೋರಣೆ", "ಉದ್ದೇಶಪೂರ್ವಕ ನಿರ್ಲಕ್ಷ್ಯ", "ನಮ್ಮ ಹಣ ಇಟ್ಟುಕೊಂಡು ಕೂತಿದ್ದೀರಿ". ಇವು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತುಗಳು. ಪತ್ರದಲ್ಲಿ ಬಂದರೆ ಉತ್ತರ ಬರೆಯುವವರು ಹಣದ ವಿಷಯ ಬಿಟ್ಟು ಆರೋಪಕ್ಕೆ ಸಮಜಾಯಿಷಿ ಬರೆಯುತ್ತಾರೆ. ಉದ್ದೇಶ ಏನಿತ್ತೆಂದು ನೀವು ಸಾಬೀತು ಮಾಡಬೇಕಾಗಿಯೂ ಬರಬಹುದು. ಹಣ ಬಂದಿಲ್ಲ ಎಂಬುದಕ್ಕಾದರೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ.

ಇದಕ್ಕೆ ಕನ್ನಡದ ವಾಕ್ಯರಚನೆಯಲ್ಲೇ ಒಳ್ಳೆಯ ದಾರಿ ಇದೆ. "ನೀವು ಕೊಟ್ಟಿಲ್ಲ" ಎನ್ನುವ ಬದಲು "ಈ ದಿನದವರೆಗೆ ಪಾವತಿಯಾಗಿರುವುದಿಲ್ಲ" ಎಂದರೆ ಸಂಗತಿ ಪೂರ್ತಿ ನಿಲ್ಲುತ್ತದೆ, ಯಾರ ಕಡೆಗೂ ಬೆರಳು ಚಾಚುವುದಿಲ್ಲ. ಹಾಗೆಯೇ ಕೇಳುವ ಕ್ರಿಯಾಪದಕ್ಕೆ "ಕೋರುತ್ತೇನೆ" ಸಾಕು. ಅದು ಮೆತ್ತಗಾಯಿತು ಎಂದು ಕೆಲವರು "ಒತ್ತಾಯಿಸುತ್ತೇನೆ", "ಆಗ್ರಹಿಸುತ್ತೇನೆ" ಎಂದು ಬರೆಯುತ್ತಾರೆ. ಬಿಗಿ ಬರುವುದು ಕ್ರಿಯಾಪದದಿಂದಲ್ಲ, ದಿನಾಂಕದಿಂದ. "ಕೂಡಲೇ ಪಾವತಿಸಬೇಕೆಂದು ಆಗ್ರಹಿಸುತ್ತೇನೆ" ಎಂಬುದಕ್ಕಿಂತ "2026ರ ಮಾರ್ಚ್ 31ರೊಳಗೆ ಪಾವತಿಸುವಂತೆ ಕೋರುತ್ತೇನೆ" ಎಂಬುದು ಹೆಚ್ಚು ಗಟ್ಟಿ. "ಕೂಡಲೇ" ಎಂಬುದು ಯಾವತ್ತು ಮುಗಿಯುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಮಾರ್ಚ್ 31 ಗೊತ್ತಾಗುತ್ತದೆ.

ಕಷ್ಟವನ್ನು ಹೇಳಲೇಬಾರದೇ? ಅದರಿಂದ ಪಾವತಿಯ ಸರದಿ ಬದಲಾಗುವಂತಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ. ನಿವೃತ್ತಿಯ ದಿನ ಹತ್ತಿರವಿದೆ, ಅಥವಾ ನಿವೃತ್ತಿ ಸೌಲಭ್ಯಗಳ ಲೆಕ್ಕ ಈ ವೇತನ ನಿಗದಿಯ ಮೇಲೆ ನಿಂತಿದೆ ಎಂಬಂಥವು. ಉಳಿದದ್ದನ್ನು ಬಿಡಿ. ಬರಬೇಕಾದ ಸಂಬಳ ಕೇಳಲು ಕಾರಣ ಕೊಡಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಪತ್ರ

ಒಂದು ಪುಟ, ಅದಕ್ಕೆ ಲಗತ್ತಾಗಿ ಲೆಕ್ಕದ ಹಾಳೆ. ವಿಷಯದ ಸಾಲಿನಲ್ಲೇ ಅವಧಿ ಮತ್ತು ಮೊತ್ತ ಬರಲಿ. ಟಪಾಲು ವಹಿಯಲ್ಲಿ ದಾಖಲಾಗುವುದು ಬಹುತೇಕ ಆ ಸಾಲೇ. ಒಂದೊಂದು ಕಂಡಿಕೆಗೂ ಒಂದೇ ಕೆಲಸ, ಅದಕ್ಕೊಂದು ಸಂಖ್ಯೆ. ಉತ್ತರ ಬರೆಯುವವರು "ಕಂಡಿಕೆ 3ರಲ್ಲಿ ತಿಳಿಸಿದಂತೆ" ಎಂದು ಹಿಡಿದು ಬರೆಯಲು ಅನುಕೂಲವಾಗುತ್ತದೆ.

> ದಿನಾಂಕ: 10 ಫೆಬ್ರವರಿ 2026
>
> ಇವರಿಗೆ: (ವೇತನ ಪಾವತಿಯ ಅಧಿಕಾರವುಳ್ಳವರ ಪದನಾಮ)
> ಇವರಿಂದ: (ಹೆಸರು, ಹುದ್ದೆ, ನೌಕರರ ಸಂಖ್ಯೆ)
>
> ವಿಷಯ: ಏಪ್ರಿಲ್ 2021ರಿಂದ ಸೆಪ್ಟೆಂಬರ್ 2024ರವರೆಗಿನ ವೇತನ ಪರಿಷ್ಕರಣೆಯ ಹಿಂಬಾಕಿ 2,59,020 ಪಾವತಿಸುವ ಬಗ್ಗೆ.
> ಉಲ್ಲೇಖ: 1. ವೇತನ ಪರಿಷ್ಕರಣೆ ಆದೇಶ ಸಂಖ್ಯೆ …, ದಿನಾಂಕ … 2. ನನ್ನ ವೇತನ ನಿಗದಿ ಆದೇಶ ಸಂಖ್ಯೆ …, ದಿನಾಂಕ …
>
> ಮಾನ್ಯರೇ,
>
> 1. ಉಲ್ಲೇಖ 1ರ ಆದೇಶದ ಕಂಡಿಕೆ … ರ ಪ್ರಕಾರ ಪರಿಷ್ಕೃತ ವೇತನವು 1 ಏಪ್ರಿಲ್ 2021ರಿಂದ ಆರ್ಥಿಕ ಲಾಭ ಸಹಿತ ಜಾರಿಯಾಗಿದೆ. ಉಲ್ಲೇಖ 2ರಂತೆ ನನ್ನ ಮೂಲ ವೇತನವನ್ನು ಅಂದಿನಿಂದ 30,000ಕ್ಕೆ ನಿಗದಿಪಡಿಸಲಾಗಿದೆ.
>
> 2. ಪರಿಷ್ಕೃತ ವೇತನ ನನಗೆ ಅಕ್ಟೋಬರ್ 2024ರಿಂದ ಪಾವತಿಯಾಗುತ್ತಿದೆ. ಅದಕ್ಕೆ ಹಿಂದಿನ 42 ತಿಂಗಳ ವ್ಯತ್ಯಾಸದ ಮೊತ್ತ ಈ ದಿನದವರೆಗೆ ಪಾವತಿಯಾಗಿರುವುದಿಲ್ಲ.
>
> 3. ಈ ಅವಧಿಗೆ ನನಗೆ ಬರಬೇಕಾದ ವ್ಯತ್ಯಾಸ ಭತ್ಯೆ ಸಹಿತ 2,95,020. ಪಡೆದ ಮಧ್ಯಂತರ ಪರಿಹಾರ 36,000 ಕಳೆದು ಬಾಕಿ 2,59,020, ಕಡಿತಗಳಿಗೆ ಮುನ್ನ. ವರ್ಷವಾರು ಲೆಕ್ಕ ಲಗತ್ತಿಸಿದೆ.
>
> 4. ಸದರಿ ಮೊತ್ತವನ್ನು 31 ಮಾರ್ಚ್ 2026ರೊಳಗೆ ಪಾವತಿಸುವಂತೆ ಕೋರುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಅದನ್ನು ಅದೇ ದಿನಾಂಕದೊಳಗೆ ಲಿಖಿತವಾಗಿ ತಿಳಿಸಿ, ವಿವಾದವಿಲ್ಲದ ಮೊತ್ತವನ್ನು ತಡೆಯದೆ ಪಾವತಿಸಲು ಕೋರುತ್ತೇನೆ.
>
> 5. ವಿಳಂಬಕ್ಕೆ ಸಂಬಂಧಿಸಿ ನನಗೆ ಕಾನೂನಿನಲ್ಲಿ ಲಭ್ಯವಿರುವ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಈ ಪತ್ರ ಸಲ್ಲಿಸಿದ್ದೇನೆ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ಲೆಕ್ಕದ ಹಾಳೆ, ಎರಡು ಆದೇಶಗಳ ಪ್ರತಿ, ಸಂಬಂಧಿತ ವೇತನ ಚೀಟಿಗಳು

ನಾಲ್ಕನೆಯ ಕಂಡಿಕೆಯ ಎರಡನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಸಣ್ಣ ಲೆಕ್ಕದ ತಕರಾರನ್ನು ಮುಂದೆ ಮಾಡಿ ಇಡೀ ಮೊತ್ತ ತಡೆಯುವುದಕ್ಕೆ ಅದು ಅಡ್ಡ ನಿಲ್ಲುತ್ತದೆ. ಐದನೆಯ ಕಂಡಿಕೆಯಲ್ಲಿ ಬಡ್ಡಿಯ ಅಂಕಿ ಹಾಕಿಲ್ಲ ಎಂಬುದನ್ನು ಗಮನಿಸಿ. ಆದೇಶವೋ ಒಪ್ಪಂದವೋ ಕಾನೂನೋ ಬಡ್ಡಿಗೆ ಸ್ಪಷ್ಟ ದರ ಕೊಟ್ಟಿದ್ದರೆ ಅದನ್ನು ಹೆಸರಿಸಿ ಕೇಳಿ. ಇಲ್ಲದಿದ್ದರೆ ಹಕ್ಕು ಕಾಯ್ದಿರಿಸಿದರೆ ಸಾಕು. ಮನಸ್ಸಿಗೆ ತೋಚಿದ ದರ ಹಾಕಿದರೆ ಚರ್ಚೆ ಅದರ ಮೇಲೇ ನಡೆದು ಅಸಲು ಹಿಂದೆ ಬೀಳುತ್ತದೆ.

ಮೊದಲ ಪತ್ರದಲ್ಲಿ ನ್ಯಾಯಾಲಯದ ಹೆಸರು ಎತ್ತುವುದು ಬೇಡ. ಗಡುವು ಮೀರಿದ ಮೇಲೆ ಬರೆಯುವ ಜ್ಞಾಪನ ಪತ್ರದಲ್ಲಿ, ಮೊದಲ ಪತ್ರದ ಸ್ವೀಕೃತಿ ದಿನಾಂಕವನ್ನು ಉಲ್ಲೇಖಿಸಿ, ಮುಂದೆ ಯಾವ ಪ್ರಾಧಿಕಾರದ ಮುಂದೆ ಹೋಗುತ್ತೀರೆಂದು ಒಂದು ಸಾಲು ಬರೆಯಿರಿ. ಹೇಳಿದ ಮೇಲೆ ಹೋಗಬೇಕು. ಹೋಗದವರ ಮೂರನೆಯ ಪತ್ರವನ್ನು ಯಾರೂ ಗಂಭೀರವಾಗಿ ಓದುವುದಿಲ್ಲ.

ಸಲ್ಲಿಸಿದ ಮೇಲೆ

ಪತ್ರದ ಇನ್ನೊಂದು ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇಮೇಲ್ ಕಳಿಸಿದರೂ ಇದನ್ನು ಬಿಡಬೇಡಿ. ಹಲವರು ಸೇರಿ ಕೇಳುವಾಗಲೂ ಒಬ್ಬೊಬ್ಬರ ಲೆಕ್ಕದ ಹಾಳೆ ಬೇರೆಯೇ ಇರಬೇಕು, ಏಕೆಂದರೆ ಇಬ್ಬರ ಮೊತ್ತ ಒಂದೇ ಆಗಿರುವುದು ಅಪರೂಪ.

"ಅನುದಾನದ ಲಭ್ಯತೆಯ ಮೇರೆಗೆ ಪಾವತಿಸಲಾಗುವುದು" ಎಂಬ ಹಿಂಬರಹ ಬಂದರೆ ಬೇಸರಪಟ್ಟು ಹರಿದುಹಾಕಬೇಡಿ. ಹಣ ಕೊಡಬೇಕಾಗಿದೆ ಎಂದು ಅವರೇ ಬರೆದುಕೊಟ್ಟ ಕಾಗದ ಅದು. ಹಲವು ಕಾನೂನು ವ್ಯವಸ್ಥೆಗಳಲ್ಲಿ ಕಾಲಮಿತಿಯೊಳಗೆ ಸಿಕ್ಕ ಇಂಥ ಲಿಖಿತ ಒಪ್ಪಿಗೆಯಿಂದ ದಾವೆಯ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಆದರೆ ನೀವು ಬರೆಯುತ್ತಾ ಹೋಗುವ ಪತ್ರಗಳಿಂದ ಮಾತ್ರ ಆ ಅವಧಿ ಸಾಮಾನ್ಯವಾಗಿ ಹಿಗ್ಗುವುದಿಲ್ಲ. ಎಷ್ಟೋ ಜನ ವರ್ಷಕ್ಕೊಂದು ಜ್ಞಾಪನ ಪತ್ರ ಕೊಟ್ಟು ಹಕ್ಕು ಜೀವಂತವಾಗಿದೆ ಎಂದುಕೊಂಡಿರುತ್ತಾರೆ, ಕೊನೆಗೆ ಕಾಲಮಿತಿ ಮೀರಿತೆಂಬ ಉತ್ತರ ಕೇಳುತ್ತಾರೆ. ಅವಧಿ ಎಷ್ಟೆಂಬುದು ದೇಶ ದೇಶಕ್ಕೆ ಬೇರೆ. ಮೊದಲ ಪತ್ರ ಕೊಡುವ ಮುನ್ನವೇ ವಕೀಲರನ್ನೋ ಸಂಘದವರನ್ನೋ ಕೇಳಿ ಆ ದಿನಾಂಕವನ್ನು ಲೆಕ್ಕದ ಹಾಳೆಯ ನಿಮ್ಮ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳಿ.

ಹಣ ಭಾಗಶಃ ಬಂದರೆ ತೆಗೆದುಕೊಳ್ಳಿ. ಆದರೆ ರಸೀದಿಯಲ್ಲಿ "ಪೂರ್ಣ ಮತ್ತು ಅಂತಿಮ ಪಾವತಿ" ಎಂಬ ಮಾತಿದೆಯೇ ನೋಡಿ. ಇದ್ದರೆ ಸಹಿ ಮಾಡುವ ಮೊದಲು ಆ ಮಾತು ತೆಗೆಸಲು ಕೇಳಿ. ತೆಗೆಯಲು ಒಪ್ಪದಿದ್ದರೆ ಸಹಿ ಹಾಕದೆ, ಯಾರನ್ನು ಸಲಹೆ ಕೇಳಿದ್ದಿರೋ ಅವರಿಗೆ ಅದನ್ನು ತೋರಿಸಿ. ಮಾತು ಇಲ್ಲದಿದ್ದರೂ ಸಹಿಯ ಮೇಲೆ ನಿಮ್ಮದೇ ಅಕ್ಷರದಲ್ಲಿ ಹೀಗೆ ಬರೆಯಿರಿ: "10 ಫೆಬ್ರವರಿ 2026ರ ನನ್ನ ಪತ್ರದಲ್ಲಿ ಕೋರಿದ 2,59,020ರ ಪೈಕಿ ಭಾಗಶಃ ಪಾವತಿಯಾಗಿ ಸ್ವೀಕರಿಸಿದ್ದೇನೆ, ಉಳಿಕೆ ಮೊತ್ತದ ಹಕ್ಕು ಉಳಿಸಿಕೊಂಡಿದ್ದೇನೆ." ಬಂದ ಹಣ ಯಾವ ವರ್ಷದ್ದು ಎಂಬ ವಿವರವನ್ನೂ ಜೊತೆಗೇ ಕೇಳಿ ಪಡೆಯಿರಿ. ಮೂರು ನಾಲ್ಕು ವರ್ಷದ ಹಿಂಬಾಕಿ ಒಂದೇ ವರ್ಷದ ಆದಾಯವಾಗಿ ತೆರಿಗೆಗೆ ಸಿಕ್ಕಿದಾಗ, ಆಯಾ ವರ್ಷಕ್ಕೆ ಹಂಚಿ ಪರಿಹಾರ ಕೇಳಲು ಅವಕಾಶವಿರುವ ಕಡೆ ಈ ವರ್ಷವಾರು ಪಟ್ಟಿ ಇಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ.